ಎಷ್ಟು ಗಂಟೆಗೊಮ್ಮೆ ಬದಲಾಯಿಸ್ತೀಯ? ಪ್ಯಾಡ್, ಟ್ಯಾಂಪನ್, ಕಪ್, ಬಟ್ಟೆ: ಒಂದು ಹಾಸ್ಟೆಲ್ ರೂಮಿನ ಲೆಕ್ಕ

ಈ ಲೇಖನಕ್ಕೆ ಕಾರಣ ಮೂರನೇ ಸೆಮ್‌ನ ಒಂದು ಬುಧವಾರ. ಪೀರಿಯಡ್ಸ್‌ನ ಎರಡನೇ ದಿನ. ಬೆಳಗ್ಗೆ 8 ಗಂಟೆಗೆ ಹಾಸ್ಟೆಲ್ ಬಿಟ್ಟೆ, ವಾಪಸ್ ಬಂದಾಗ ಸಂಜೆ 5. ಮಧ್ಯದಲ್ಲಿ ಎರಡು ಕ್ಲಾಸು, ಒಂದು ಇಂಟರ್ನಲ್ಸ್, ಮೂರು ಗಂಟೆ ಲ್ಯಾಬ್. ಆ ಒಂಬತ್ತು ಗಂಟೆ ಒಂದೇ ಪ್ಯಾಡ್‌ನಲ್ಲಿ ಕಳೆದೆ, ಯಾಕಂದ್ರೆ ಲ್ಯಾಬ್ ಬ್ಲಾಕ್ ಟಾಯ್ಲೆಟ್‌ನಲ್ಲಿ ಡಸ್ಟ್‌ಬಿನ್ ಇರಲಿಲ್ಲ, ಬಳಸಿದ್ದನ್ನು ಬ್ಯಾಗಲ್ಲಿ ಹಾಕ್ಕೊಂಡು ಓಡಾಡೋಕೆ ಮನಸ್ಸು ಬರಲಿಲ್ಲ. ಮರುದಿನ ತೊಡೆಯ ಸಂದಿಯೆಲ್ಲ ಕೆಂಪಗೆ ಸುಲಿದ ಹಾಗೆ ಆಗಿ ನಡೆಯೋಕೂ ಆಗ್ತಿರಲಿಲ್ಲ.

ಕ್ಲಿನಿಕ್‌ನಲ್ಲಿ ನಾನು "ಈ ಪ್ಯಾಡ್ ನನಗೆ ಅಲರ್ಜಿ ಅನ್ಸುತ್ತೆ, ಯಾವುದು ಸೇಫ್ ಮೇಡಂ?" ಅಂದೆ. ಡಾಕ್ಟರ್ ಬ್ರ್ಯಾಂಡ್ ಕೇಳಲೇ ಇಲ್ಲ. "ಎಷ್ಟು ಗಂಟೆಗೊಮ್ಮೆ ಬದಲಾಯಿಸ್ತೀಯಮ್ಮ?" ಅಂದ್ರು. ಅಲರ್ಜಿ ಅಲ್ಲ, ಒದ್ದೆ ಮತ್ತು ಉಜ್ಜಾಟ ಅಷ್ಟೇ ಅಂತ ಒಂದು ಮುಲಾಮು ಬರೆದುಕೊಟ್ಟರು.

ಆಮೇಲೆ ನಾನು, ನನ್ನ ಇಬ್ಬರು ರೂಮ್‌ಮೇಟ್‌ಗಳು, ಪಕ್ಕದ ರೂಮಿನ ಸಿವಿಲ್ ಅಕ್ಕ ಸೇರಿಕೊಂಡು ನಾಲ್ಕನ್ನೂ ಒಂದೊಂದಾಗಿ ನೋಡಿದೆವು. ನಾಲ್ಕಕ್ಕೂ ಡಾಕ್ಟರ್ ಕೇಳಿದ ಅದೇ ಪ್ರಶ್ನೆ ಹೊಂದುತ್ತೆ. ಆದರೆ ಉತ್ತರ ಪ್ರತಿಯೊಂದಕ್ಕೂ ಬೇರೆ, ಅದಕ್ಕೆ ಕಾರಣವೂ ಬೇರೆ. (ಹುಡುಗರು ಪೇಜ್ ಬದಲಾಯಿಸಬೇಕಾಗಿಲ್ಲ. ಮುಂದೆ ಪಾಲಿಮರ್ ಕೆಮಿಸ್ಟ್ರಿ ಬರುತ್ತೆ.)

ಮೊದಲು ಒಂದು ಅಳತೆ ತಲೆಯಲ್ಲಿ ಇಟ್ಟುಕೊಳ್ಳಿ. ಒಂದು ಸಲದ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಎಂಎಲ್, ಅಂದ್ರೆ ಮೆಸ್‌ನ ಅರ್ಧ ಲೋಟ ಕಾಫಿಗಿಂತ ಕಡಿಮೆ. 80 ಎಂಎಲ್ ದಾಟಿದರೆ ಅದನ್ನು ಹೆಚ್ಚು ರಕ್ತಸ್ರಾವ ಅಂತಾರೆ. ನಾನು ಇದನ್ನು ಮೊದಲ ಸಲ ಓದಿದಾಗ ನಂಬಲಿಲ್ಲ, ಕಮ್ಮಿ ಅಂದ್ರೂ ಅರ್ಧ ಲೀಟರ್ ಅಂದುಕೊಂಡಿದ್ದೆ.

ಪ್ಯಾಡ್ ಒಳಗೆ ಏನಿದೆ

ಒಂದು ಹೊಸ ಪ್ಯಾಡನ್ನು ಕತ್ತರಿಯಲ್ಲಿ ಕತ್ತರಿಸಿ ನೋಡಿದೆವು. ಮೇಲೆ ಸಣ್ಣ ಸಣ್ಣ ತೂತಿನ ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ ಹತ್ತಿಯ ಹಾಗೆ ಕಾಣುವ ಮರದ ತಿರುಳಿನ ನಾರು, ಅದರಲ್ಲಿ ಸಕ್ಕರೆ ಪುಡಿಯಂಥ ಹರಳುಗಳು, ತಳದಲ್ಲಿ ನೀರು ಬಿಡದ ಪಾಲಿಥೀನ್. ಆ ಹರಳೇ ಸೋಡಿಯಂ ಪಾಲಿಅಕ್ರಿಲೇಟ್. ಅದು ಬಲೆಯ ಹಾಗೆ ಒಂದಕ್ಕೊಂದು ಕಟ್ಟಿಕೊಂಡಿರುವ ಪಾಲಿಮರ್. ಬಲೆಯ ಒಳಗೆ ಸೋಡಿಯಂ ಅಯಾನುಗಳು ತುಂಬಿರುವುದರಿಂದ ಆಸ್ಮಾಸಿಸ್ ಮೂಲಕ ಹೊರಗಿನ ನೀರು ಒಳಗೆ ನುಗ್ಗುತ್ತೆ, ಹರಳು ಉಬ್ಬಿ ಜೆಲ್ ಆಗುತ್ತೆ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತೆ.

ಆದರೆ ರಕ್ತ ಶುದ್ಧ ನೀರಲ್ಲ, ಅದರಲ್ಲಿ ಉಪ್ಪಿದೆ. ಹೊರಗೂ ಸೋಡಿಯಂ ಇದ್ದಾಗ ಒಳಗೆ ಹೊರಗಿನ ವ್ಯತ್ಯಾಸ ಕಮ್ಮಿ ಆಗಿ ಹೀರುವ ಶಕ್ತಿ ಹತ್ತು ಪಟ್ಟಿನಷ್ಟು ಕುಸಿಯುತ್ತೆ. ಮೇಲಾಗಿ ಮುಟ್ಟಿನ ದ್ರವ ಮಂದ, ನಿಧಾನವಾಗಿ ಇಳಿಯುತ್ತೆ. ಜಾಹೀರಾತಿನಲ್ಲಿ ನೀಲಿ ನೀರು ಸುರಿದು ತೋರಿಸಿದ ಹಾಗೆ ನಮ್ಮ ಪ್ಯಾಡ್ ವರ್ತಿಸದೇ ಇರೋದು ಇದಕ್ಕೇ. ಎಷ್ಟೋ ಸಲ ಪ್ಯಾಡ್ ನಡುವೆ ಮಾತ್ರ ತುಂಬಿರುತ್ತೆ, ಅಂಚು ಒಣಗೇ ಇರುತ್ತೆ, ಆದರೂ ಪಕ್ಕದಿಂದ ಸೋರಿರುತ್ತೆ. ಎಕ್ಸ್ಎಲ್ ತಗೊಂಡರೆ ಉದ್ದ ಜಾಸ್ತಿ ಸಿಗುತ್ತೆ, ಮಲಗಿದಾಗ ಅನುಕೂಲ, ಅಷ್ಟೆ. ಎಕ್ಸ್ಎಲ್ ಅಂದ ಮಾತ್ರಕ್ಕೆ ಜಾಸ್ತಿ ಗಂಟೆ ಇಟ್ಟುಕೊಳ್ಳಬಹುದು ಅಂತ ಅಲ್ಲ.

ಪ್ಯಾಡ್‌ಗೆ ಗಡುವು 4ರಿಂದ 6 ಗಂಟೆ. ತುಂಬದೇ ಇದ್ದರೂ ಸರಿ. ಕೆಳಗಿನ ಪಾಲಿಥೀನ್ ಗಾಳಿ ಬಿಡಲ್ಲ, ಬೆವರು ಅಲ್ಲೇ ನಿಲ್ಲುತ್ತೆ, ನೆನೆದ ಚರ್ಮ ಬೇಗ ಸುಲಿಯುತ್ತೆ. ಒಂದು ಪರೀಕ್ಷೆ ಹೇಳ್ತೀನಿ: ಕೆಂಪು ಬರೀ ಪ್ಯಾಡ್‌ನ ಅಂಚು ಉಜ್ಜುವ ಜಾಗದಲ್ಲಿದ್ದು, ಪೀರಿಯಡ್ಸ್ ಮುಗಿದ ಎರಡು ಮೂರು ದಿನಕ್ಕೆ ಕಮ್ಮಿ ಆದರೆ ಅದು ನನ್ನ ಥರದ್ದು. ಪ್ಯಾಡ್ ಮುಟ್ಟಿದ ಜಾಗಕ್ಕೆಲ್ಲ ಅದೇ ಆಕಾರದಲ್ಲಿ ತುರಿಕೆ ಬಂದು, ಬೇರೆ ಕಂಪನಿಯದ್ದು ಹಾಕಿದಾಗ ಬರದಿದ್ದರೆ ಅಂಟು ಅಥವಾ ಪರಿಮಳದ ಮೇಲೆ ಅನುಮಾನ ಪಡಬಹುದು. ಪರಿಮಳ ಇರುವ ಪ್ಯಾಡ್ ಯಾರಿಗೂ ಅಗತ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಟ್ಯಾಂಪನ್‌ನ ಹಳೇ ಕಥೆ

ಟ್ಯಾಂಪನ್ ಅಂದ್ರೆ ಬೆರಳುದ್ದ ಒತ್ತಿ ಸುತ್ತಿದ ಹತ್ತಿ ಅಥವಾ ರೇಯಾನ್, ತುದಿಗೆ ದಾರ. ಯೋನಿಯ ಒಳಗೆ ಇರುತ್ತೆ, ದಾರ ಹೊರಗೆ. ನಮ್ಮ ನಾಲ್ವರಲ್ಲಿ ಇದನ್ನು ಬಳಸೋದು ಒಬ್ಬಳೇ. ಅವಳು ಕಾಲೇಜ್ ಸ್ವಿಮ್ಮಿಂಗ್ ಟೀಮ್‌ನಲ್ಲಿದ್ದಾಳೆ, ನೀರಿಗಿಳಿಯುವಾಗ ಪ್ಯಾಡ್ ಪ್ರಯೋಜನಕ್ಕೆ ಬರಲ್ಲ.

ಟ್ಯಾಂಪನ್ ಅಂದ ಕೂಡಲೇ "ಅದರಿಂದ ಸತ್ತೋಗ್ತಾರಂತೆ" ಅನ್ನುವವರು ಇದ್ದಾರೆ. ಆ ಮಾತಿನ ಹಿಂದೆ ನಿಜವಾದ ಘಟನೆ ಇದೆ. ಅಮೆರಿಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ರಿಲೈ ಅನ್ನೋ ಟ್ಯಾಂಪನ್ ಮಾರುತ್ತಿತ್ತು. ಅದರಲ್ಲಿ ಹತ್ತಿ ಬದಲು ಪಾಲಿಯೆಸ್ಟರ್ ಫೋಮ್ ಚೂರು ಮತ್ತು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಇತ್ತು, ವಿಪರೀತ ಹೀರುತ್ತಿತ್ತು. ತುಂಬೋದೇ ಇಲ್ಲವಾದ್ದರಿಂದ ಬಹಳ ಹೊತ್ತು ತೆಗೆಯದೇ ಬಿಡೋದು ಸುಲಭವಾಯ್ತು. 1980ರಲ್ಲಿ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಅನ್ನೋ ಕಾಯಿಲೆ ನೂರಾರು ಹೆಂಗಸರಲ್ಲಿ ಕಾಣಿಸಿತು, ಕೆಲವರು ತೀರಿಕೊಂಡರು, ಆ ಸೆಪ್ಟೆಂಬರ್‌ನಲ್ಲಿ ರಿಲೈಯನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದರು.

ಇಲ್ಲಿ ಟ್ಯಾಂಪನ್ ವಿಷ ಅಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಕೆಲವರ ದೇಹದಲ್ಲಿ ಸುಮ್ಮನೆ ಇರುತ್ತೆ. ಅದರ ಕೆಲವು ತಳಿಗಳಿಗೆ ರಕ್ತ, ಬಿಸಿ, ಜೊತೆಗೆ ಟ್ಯಾಂಪನ್ ಹೊತ್ತುತಂದ ಗಾಳಿ ಸಿಕ್ಕರೆ ಒಂದು ಟಾಕ್ಸಿನ್ ತಯಾರಿಸುತ್ತವೆ, ಅದು ರಕ್ತಕ್ಕೆ ಸೇರಿದಾಗ ಕಾಯಿಲೆ. ದೊಡ್ಡವರಾದ ಬಹುಪಾಲು ಜನರಲ್ಲಿ ಅದಕ್ಕೆ ಆಂಟಿಬಾಡಿ ಇರುತ್ತೆ, ಹಾಗಾಗಿ ಇದು ಬಹಳ ಅಪರೂಪ. ಆದರೆ ಬಂದರೆ ಗಂಟೆಗಳ ಲೆಕ್ಕದಲ್ಲಿ ಹದಗೆಡುತ್ತೆ. ಗುರುತು: ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ ಅಥವಾ ಭೇದಿ, ಬಿಸಿಲಿಗೆ ಸುಟ್ಟ ಹಾಗೆ ಮೈ ಕೆಂಪಾಗೋದು, ಎದ್ದು ನಿಂತರೆ ತಲೆ ಸುತ್ತೋದು. ಮೆಸ್ ಊಟ ಅಂತ ಬೈದುಕೊಂಡು ಮಲಗಬೇಡಿ. ಒಳಗಿರೋದನ್ನು ತೆಗೆದು, ನೇರ ಆಸ್ಪತ್ರೆಗೆ ಹೋಗಿ, ಟ್ಯಾಂಪನ್ ಅಥವಾ ಕಪ್ ಹಾಕಿದ್ದೆ ಅಂತ ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಅದು ಹೊಳೆಯದೇ ಇರಬಹುದು.

ಇದರಿಂದ ಬಂದ ನಿಯಮ ಎರಡೇ. ನಿಮ್ಮ ಹರಿವಿಗೆ ಸಾಕಾಗುವಷ್ಟರಲ್ಲಿ ಅತಿ ಕಮ್ಮಿ ಹೀರುವ ಟ್ಯಾಂಪನ್ ತಗೊಳ್ಳಿ: ಪ್ಯಾಕ್ ಮೇಲಿನ ರೆಗ್ಯುಲರ್ ಅಂದ್ರೆ 6ರಿಂದ 9 ಗ್ರಾಂ, ಸೂಪರ್ ಅಂದ್ರೆ 9ರಿಂದ 12. ಮತ್ತು 4ರಿಂದ 8 ಗಂಟೆಯೊಳಗೆ ತೆಗೆಯಿರಿ. ರಾತ್ರಿ 10ಕ್ಕೆ ಹಾಕಿ ಬೆಳಗ್ಗೆ 8ಕ್ಕೆ ಏಳುವವರು ರಾತ್ರಿಗೆ ಪ್ಯಾಡ್ ಹಾಕೋದೇ ವಾಸಿ. ತೆಗೆಯುವಾಗ ಒಣಗಿದ್ದು ಎಳೆದ ಹಾಗೆ ನೋವಾದರೆ ನೀವು ಬಳಸ್ತಿರೋದು ದೊಡ್ಡದು ಅಂತ ಅರ್ಥ.

ಕಪ್: ಮೊದಲ ರಾತ್ರಿ ಒಂದೂವರೆ ಗಂಟೆಗೆ

ಮುಟ್ಟಿನ ಕಪ್ ನಮಗೆ ತೀರಾ ಹೊಸದಲ್ಲ. 2023ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಶುಚಿ ಯೋಜನೆಯಡಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದ ವಿದ್ಯಾರ್ಥಿನಿಯರಿಗೆ ಕಪ್ ಕೊಡುವ ಕೆಲಸ ಶುರು ಮಾಡಿತು. ಮೆಡಿಕಲ್ ಸಿಲಿಕೋನ್‌ನಿಂದ ಮಾಡಿದ ಪುಟ್ಟ ಗಂಟೆಯಾಕಾರ. ಇದು ಹೀರಲ್ಲ, ಹಿಡಿದಿಟ್ಟುಕೊಳ್ಳುತ್ತೆ, 20ರಿಂದ 30 ಎಂಎಲ್‌ವರೆಗೆ. ಗಡುವು 12 ಗಂಟೆ. ನನ್ನ ಬುಧವಾರಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಅಮ್ಮನಿಗೆ ಫೋನ್‌ನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಮದುವೆ ಆಗದವರು ಹಾಕ್ಕೋಬಹುದೇನೇ ಅದನ್ನ?" ಅಂದ್ರು. ಹಾಕ್ಕೋಬಹುದು. ಆ ಪೊರೆ ಬಾಗಿಲು ಮುಚ್ಚಿದ ಹಾಗೆ ಇರಲ್ಲ, ಮುಟ್ಟು ಹೊರಬರೋಕೆ ದಾರಿ ಇದ್ದೇ ಇರುತ್ತೆ. ಅದು ಹಿಗ್ಗಬಹುದು, ಸ್ವಲ್ಪ ಹರಿಯಲೂಬಹುದು, ಆದರೆ ಯಾರ ಬಗ್ಗೆಯೂ ಅದರಿಂದ ಏನೂ ತಿಳಿಯೋಕಾಗಲ್ಲ. ಹಾಗಂತ ಎಲ್ಲರೂ ಹಾಕಲೇಬೇಕು ಅಂತಲೂ ಅಲ್ಲ. ಒಂದು ಬೆರಳಿಗೇ ವಿಪರೀತ ನೋವು ಅನ್ನುವವರು ಬಲವಂತ ಮಾಡಬೇಡಿ, ಡಾಕ್ಟರ್‌ಗೆ ಹೇಳಿ. ಕಾಪರ್ ಟಿ ಹಾಕಿಸಿಕೊಂಡಿರುವ ಅಕ್ಕಂದಿರೂ ಮೊದಲು ಡಾಕ್ಟರ್ ಕೇಳಬೇಕು, ಕಪ್ ಎಳೆತಕ್ಕೆ ಅದು ಜಾರಬಹುದು.

ಹಾಕುವ ಕ್ರಮ ಇದು. ಕೈ ಸೋಪಿನಲ್ಲಿ ತೊಳೆದು, ಉಗುರು ಚಿಕ್ಕದಾಗಿ ಕತ್ತರಿಸಿ, ಕಪ್ ಒದ್ದೆ ಮಾಡಿಕೊಳ್ಳಿ. ಅಂಚಿನ ಒಂದು ಬದಿಯನ್ನು ಬೆರಳಿನಿಂದ ಒಳಕ್ಕೆ ತಳ್ಳಿದರೆ ತುದಿ ಚೂಪಾಗುತ್ತೆ, ಮೊದಲ ಸಲಕ್ಕೆ ಈ ಮಡಿಕೆ ಸುಲಭ. ಕುಕ್ಕರುಗಾಲಲ್ಲಿ ಕೂತು, ನೇರ ಮೇಲಕ್ಕಲ್ಲ, ಬೆನ್ನಿನ ಕೆಳತುದಿಯ ಕಡೆಗೆ ತಳ್ಳಬೇಕು. ನಾನು ಮೂರು ಸಲ ಸೋತದ್ದು ನೇರ ಮೇಲಕ್ಕೆ ತಳ್ಳಿದ್ದರಿಂದಲೇ. ಒಳಗೆ ಹೋದ ಮೇಲೆ ಮಡಿಕೆ ಬಿಟ್ಟು, ಬುಡದ ಸುತ್ತ ಬೆರಳಾಡಿಸಿ. ಎಲ್ಲ ಕಡೆ ದುಂಡಗಿದ್ದರೆ ತೆರೆದುಕೊಂಡಿದೆ. ಎಲ್ಲೋ ಒಂದು ಕಡೆ ಕುಳಿ ಸಿಕ್ಕರೆ ಮಡಿಕೆ ಬಿಚ್ಚಿಲ್ಲ, ಬುಡ ಹಿಡಿದು ಸ್ವಲ್ಪ ತಿರುಗಿಸಬೇಕು.

ಹಾಕಿದ್ದಾಯ್ತು. ತೆಗೆಯೋಕೆ ಹೋದಾಗ ರಾತ್ರಿ ಒಂದೂವರೆ. ತೊಟ್ಟು ಹಿಡಿದು ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ, ಒಳಗೆಲ್ಲ ಹಿಡಿದು ಎಳೆದ ಹಾಗೆ ನೋವು. ಬೆವರಿಳಿಯಿತು. "ಹೊಟ್ಟೆಯೊಳಗೆ ಹೋಗಿಬಿಡ್ತು ಅನ್ಸುತ್ತೆ" ಅಂತ ಬಾತ್‌ರೂಮ್ ಒಳಗಿಂದಲೇ ಅಳೋಕೆ ಶುರು ಮಾಡಿದೆ. ಹೊರಗಡೆ ಸಿವಿಲ್ ಅಕ್ಕ ಬಾಗಿಲಿಗೆ ಒರಗಿ ನಿಂತು ಹೇಳಿಕೊಟ್ಟರು: "ಎಲ್ಲಿಗೂ ಹೋಗಲ್ಲ ಕಣೇ, ಮೇಲ್ಗಡೆ ಗರ್ಭಕೋಶದ ಬಾಯಿ ಇದೆ, ಅದರಲ್ಲಿ ಕಪ್ ತೂರಲ್ಲ. ಮೊದಲು ಎಳೆಯೋದು ನಿಲ್ಲಿಸು. ಹತ್ತು ನಿಮಿಷ ಸುಮ್ಮನೆ ಕೂತ್ಕೋ."

ಹೆದರಿದಾಗ ಅಲ್ಲಿನ ಸ್ನಾಯು ಬಿಗಿಯಾಗುತ್ತೆ, ಬಿಗಿಯಾದಷ್ಟೂ ಕಪ್ ಮೇಲಕ್ಕೆ ಸರಿಯುತ್ತೆ. ಜೊತೆಗೆ ಕಪ್ ಅಂಚು ಗೋಡೆಗೆ ಅಂಟಿ ಒಳಗೆ ನಿರ್ವಾತ ಇರುತ್ತೆ. ಎಳೆದರೆ ಎಳೆತ ಹೆಚ್ಚೇ ಆಗುತ್ತೆ, ಸಕ್ಷನ್ ಹುಕ್ಕನ್ನು ಟೈಲ್ಸ್‌ನಿಂದ ಕೀಳೋಕೆ ಹೋದ ಹಾಗೆ. ಸರಿಯಾದ ದಾರಿ ಅಂದ್ರೆ, ಕುಕ್ಕರುಗಾಲಲ್ಲಿ ಕೂತು ಮಲವಿಸರ್ಜನೆಗೆ ಮುಕ್ಕುವ ಹಾಗೆ ಮುಕ್ಕಿದಾಗ ಕಪ್ ಕೆಳಗಿಳಿಯುತ್ತೆ. ತೊಟ್ಟನ್ನು ಬಿಟ್ಟು, ಅದರ ಮೇಲಿನ ದಪ್ಪ ಬುಡವನ್ನು ಎರಡು ಬೆರಳಲ್ಲಿ ಹಿಸುಕಬೇಕು. ಗಾಳಿ ಒಳಹೋಗಿ ಹಿಡಿತ ಬಿಡುತ್ತೆ. ಆಮೇಲೆ ಸ್ವಲ್ಪ ಓರೆ ಮಾಡಿ, ಒಂದು ಅಂಚನ್ನು ಮೊದಲು ಹೊರತರಬೇಕು. ನನಗೆ ಎರಡು ನಿಮಿಷದಲ್ಲಿ ಬಂತು. ಹೀಗೆಲ್ಲ ಮಾಡಿಯೂ ಬರದೆ 12 ಗಂಟೆ ಹತ್ತಿರ ಬಂದರೆ ಡಾಕ್ಟರ್ ಹತ್ತಿರ ಹೋಗೋದು, ಅವರಿಗೆ ಅದು ಸಣ್ಣ ಕೆಲಸ.

ಸೋರಿದರೆ ಕಪ್ ತೆಗೆದು ಒಳಗೆ ನೋಡಿ. ತುಂಬಿ ತುಳುಕುತ್ತಿದ್ದರೆ ಬೇಗ ಖಾಲಿ ಮಾಡಬೇಕಿತ್ತು. ಅರ್ಧ ಮಾತ್ರ ತುಂಬಿ ಸೋರಿದ್ದರೆ ಅದು ಪೂರ್ತಿ ತೆರೆದುಕೊಂಡಿರಲಿಲ್ಲ, ಅಥವಾ ಅಂಚಿನ ಕೆಳಗಿನ ಸಣ್ಣ ತೂತುಗಳು ಕಟ್ಟಿಕೊಂಡಿವೆ. ತೂತುಗಳನ್ನು ನೀರು ತುಂಬಿ ಒತ್ತಿ ಬಿಡಿಸಿಕೊಳ್ಳಬಹುದು. ನನಗೆ ಮೂರನೇ ತಿಂಗಳಿಗೆ ಕೈ ಕೂತಿತು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಕಂಡದ್ದು ಇದೇ: ಕಲಿಯೋಕೆ ಕೆಲವು ತಿಂಗಳು ಬೇಕು, ಕಲಿತ ಮೇಲೆ ಸೋರಿಕೆ ಪ್ಯಾಡ್, ಟ್ಯಾಂಪನ್‌ನಷ್ಟೇ ಅಥವಾ ಅದಕ್ಕಿಂತ ಕಮ್ಮಿ. ಅದೇ ವರದಿಯಲ್ಲಿ ಕಪ್ ಬಳಸಿದವರ ಐದು ಟಾಕ್ಸಿಕ್ ಶಾಕ್ ಪ್ರಕರಣಗಳೂ ಇವೆ. ಹೀರದಿದ್ದರೂ ಕಪ್ ಜೊತೆ ಗಾಳಿ ಒಳಹೋಗುತ್ತೆ, ಅದಕ್ಕೇ 12 ಗಂಟೆ ಮೀರಬಾರದು.

ಶುಚಿ ಮಾಡೋದು ಹಾಸ್ಟೆಲ್‌ನಲ್ಲಿ ದೊಡ್ಡ ತಲೆನೋವು. ಪ್ರತಿ ತಿಂಗಳು ಶುರುವಾಗೋ ಮುಂಚೆ ಕುದಿಯುವ ನೀರಿನಲ್ಲಿ 5 ನಿಮಿಷ ಇಡಬೇಕು, ಬಿಸಿನೀರು ಸುರಿದರೆ ಸಾಲದು. ನಾವು ಒಂದು ಸಣ್ಣ ಸ್ಟೀಲ್ ಪಾತ್ರೆಯನ್ನು ಅದಕ್ಕೇ ಅಂತ ಇಟ್ಟುಕೊಂಡು ಪ್ಯಾಂಟ್ರಿಯ ಇಂಡಕ್ಷನ್ ಮೇಲೆ ಕುದಿಸ್ತೀವಿ. ನೀರು ಇಂಗಿ ಕಪ್ ತಳ ಹಿಡಿದರೆ ಸುಟ್ಟುಹೋಗುತ್ತೆ, ಹತ್ತಿರ ನಿಲ್ಲಿ. ನೂಡಲ್ಸ್ ಮಾಡುವ ಕೆಟಲ್‌ನಲ್ಲಿ ಮಾತ್ರ ಬೇಡ, ಸ್ನೇಹ ಉಳಿಯಲ್ಲ.

ಕಪ್‌ನಿಂದ ಇನ್ನೊಂದು ಅನುಕೂಲ, ಅದು ಅಳತೆ ಪಾತ್ರೆ. ಗೆರೆ ನೋಡಿ ಬರೆದಿಟ್ಟಾಗ ನನ್ನ ಒಂದು ತಿಂಗಳ ಮೊತ್ತ 62 ಎಂಎಲ್ ಬಂತು. ಮೊದಲು ಹೇಳಿದ 30–40ಕ್ಕಿಂತ ಜಾಸ್ತಿ ಅಂತ ಗಾಬರಿಯಾದೆ, ಆದರೆ ಕಪ್‌ನಲ್ಲಿರೋದು ಪೂರ್ತಿ ರಕ್ತ ಅಲ್ಲ, ಸುಮಾರು ಅರ್ಧ ಬೇರೆ ದ್ರವ ಮತ್ತು ಒಳಪದರ. ರೂಮ್‌ಮೇಟ್‌ಗೆ ಮಾತ್ರ ಎರಡನೇ ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ತುಂಬುತ್ತಿತ್ತು, ದೊಡ್ಡ ಗಂಟುಗಳೂ ಬರ್ತಿದ್ದವು. ಅವಳಿಗೆ ಪ್ಯಾಡ್ ಬದಲಿಸೋದರ ಬದಲು ಡಾಕ್ಟರ್ ಹತ್ತಿರ ಕಳಿಸಿದೆವು. ಹಿಮೋಗ್ಲೋಬಿನ್ ಕಮ್ಮಿ ಬಂತು, ಈಗ ಕಬ್ಬಿಣದ ಮಾತ್ರೆ ತಗೋತಿದ್ದಾಳೆ.

ಬಟ್ಟೆ ಕೆಟ್ಟದ್ದಲ್ಲ, ಒದ್ದೆ ಬಟ್ಟೆ ಕೆಟ್ಟದ್ದು

ಅಜ್ಜಿ ಹಳೇ ಕಾಟನ್ ಸೀರೆ ಹರಿದು ಮಡಚಿ ಬಳಸ್ತಿದ್ದರು. ಈಗ ಗುಂಡಿ ಇರುವ, ತೊಳೆಯಬಹುದಾದ ಬಟ್ಟೆ ಪ್ಯಾಡ್ ಅಂಗಡಿಯಲ್ಲೇ ಸಿಗುತ್ತೆ. ಮೈಗೆ ಇದರಷ್ಟು ಮೆತ್ತಗೆ ಬೇರೆ ಯಾವುದೂ ಇಲ್ಲ, ನನ್ನ ಸುಲಿದ ತೊಡೆಗೆ ಆ ತಿಂಗಳು ಇದೇ ಆರಾಮ ಕೊಟ್ಟಿದ್ದು. ನಾಲ್ಕೈದು ಗಂಟೆಗೊಮ್ಮೆ ಬದಲಿಸಬೇಕು.

ಬಟ್ಟೆಯಲ್ಲಿ ತಪ್ಪಾಗೋದು ತೊಳೆಯುವಾಗ ಮತ್ತು ಒಣಗಿಸುವಾಗ. ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಮೊಟ್ಟೆ ಬೆಂದ ಹಾಗೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತೆ. ತಣ್ಣೀರಲ್ಲಿ ಕೆಂಪು ಹೋದ ಮೇಲೆ ಸೋಪು, ಆಮೇಲೆ ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಬಿಸಿಲು. ಅಜ್ಜಿ ಕಾಲದಲ್ಲಿ ಸೋಂಕಾಗುತ್ತಿದ್ದದ್ದು ಬಟ್ಟೆಯಿಂದಲ್ಲ, ಅದನ್ನು ಯಾರಿಗೂ ಕಾಣದ ಹಾಗೆ ಹಿತ್ತಲ ಮೂಲೆಯಲ್ಲಿ ಬೇರೆ ಬಟ್ಟೆಯಡಿ ಒಣಗಿಸಬೇಕಾಗಿದ್ದರಿಂದ. ಹಾಸ್ಟೆಲ್‌ನಲ್ಲಿ ನಾವು ಇವತ್ತಿಗೂ ಟವಲ್ ಕೆಳಗೇ ಒಣಗಿಸ್ತೀವಿ! ಮುಟ್ಟಿದರೆ ತಣ್ಣಗನಿಸಿದರೆ, ಮುಗ್ಗಲು ವಾಸನೆ ಬಂದರೆ ಅದು ಒಣಗಿಲ್ಲ, ಹಾಕ್ಕೋಬೇಡಿ. ಮಳೆಗಾಲದಲ್ಲಿ ಮಂಗಳೂರು, ಶಿವಮೊಗ್ಗ ಕಡೆ ಎರಡು ದಿನವಾದರೂ ಒಣಗಲ್ಲ, ಆಗ ಇಸ್ತ್ರಿ ಪೆಟ್ಟಿಗೆ ಬೇಕಾಗುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಬಟ್ಟೆ ಬಳಸೋದೇ ಇಲ್ಲ.

ದುಡ್ಡಿನ ಲೆಕ್ಕ

28 ದಿನದ ಚಕ್ರ ಅಂದ್ರೆ ವರ್ಷಕ್ಕೆ 12 ಅಲ್ಲ, 13. ಬೆಲೆ ನಮ್ಮ ಗೇಟ್ ಎದುರಿನ ಮೆಡಿಕಲ್ ಅಂಗಡಿಯದ್ದು, ನಿಮ್ಮದನ್ನು ಹಾಕಿಕೊಳ್ಳಿ. ಪ್ಯಾಡ್ ಒಂದಕ್ಕೆ 8 ರೂಪಾಯಿ, ತಿಂಗಳಿಗೆ 14: ವರ್ಷಕ್ಕೆ 1,456, ಡಿಗ್ರಿ ಮುಗಿಯುವಷ್ಟರಲ್ಲಿ 5,824 ರೂಪಾಯಿ, 728 ಪ್ಯಾಡ್. ಟ್ಯಾಂಪನ್ 13 ರೂಪಾಯಿಯಂತೆ ತಿಂಗಳಿಗೆ 16 ಆದರೆ ನಾಲ್ಕು ವರ್ಷಕ್ಕೆ 10,816. ಬಟ್ಟೆ ಪ್ಯಾಡ್ ಆರರ ಸೆಟ್ 1,320, ನಾಲ್ಕು ವರ್ಷಕ್ಕೆ ಎರಡು ಸೆಟ್ ಬೇಕಾಗಬಹುದು, 2,640. ಕಪ್ 400, ಪಾತ್ರೆ 150, ಒಟ್ಟು 550, ಹರಿಯದೆ ಅಂಟಂಟಾಗದೆ ಇದ್ದರೆ ಕೆಲಸ ಸಿಕ್ಕಮೇಲೂ ಅದೇ ಬಳಸಬಹುದು. ಆದರೆ ಮೊದಲ ಕಪ್ ಅಳತೆ ಸರಿಹೋಗದೆ ಎರಡನೆಯದು ಕೊಂಡವರು ನಮ್ಮಲ್ಲೇ ಇದ್ದಾರೆ, ಹಾಗಾಗಿ 950 ಅಂತಲೇ ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ ಬರದೇ ಇರೋದು ಅಂದ್ರೆ ನೀರು. ನಲ್ಲಿಯಲ್ಲಿ ನೀರು ಬರದ ಟಾಯ್ಲೆಟ್‌ನಲ್ಲಿ ಕಪ್ಪೂ ಬೇಡ, ಬಟ್ಟೆಯೂ ಬೇಡ. ಅಲ್ಲಿ ಪ್ಯಾಡೇ ಗೆಲ್ಲುತ್ತೆ.

ಈಗ ನಮ್ಮ ರೂಮಿನಲ್ಲಿ ಹೀಗಿದೆ. ನಾನು ಕಾಲೇಜ್ ದಿನ ಕಪ್, ಬೆಳಗ್ಗೆ 7ಕ್ಕೆ ಹಾಕಿ ಸಂಜೆ 6ಕ್ಕೆ ರೂಮಿನಲ್ಲೇ ತೆಗೀತೀನಿ. ಎರಡನೇ ದಿನ ನಂಬಿಕೆ ಸಾಲದೆ ಜೊತೆಗೆ ಒಂದು ತೆಳು ಬಟ್ಟೆ ಪ್ಯಾಡ್. ಸ್ವಿಮ್ಮಿಂಗ್‌ನವಳು ಪೂಲ್‌ಗೆ ಮಾತ್ರ ರೆಗ್ಯುಲರ್ ಟ್ಯಾಂಪನ್, ಉಳಿದಂತೆ ಪ್ಯಾಡ್. ಇನ್ನೊಬ್ಬಳಿಗೆ ಕಪ್ ಬೇಡವೇ ಬೇಡ, ಪ್ಯಾಡ್ ಸಾಕು, ಫೋನ್‌ನಲ್ಲಿ ಐದು ಗಂಟೆಗೊಂದು ಅಲಾರಂ ಇಟ್ಟುಕೊಂಡಿದ್ದಾಳೆ. ಬಳಸಿದ್ದನ್ನು ಸುತ್ತೋಕೆ ಹಳೇ ಪೇಪರ್ ಮಡಚಿ ಪೆನ್ಸಿಲ್ ಬಾಕ್ಸ್‌ನಲ್ಲಿ ಇಟ್ಟಿರ್ತಾಳೆ. ಲ್ಯಾಬ್ ಬ್ಲಾಕ್ ಟಾಯ್ಲೆಟ್‌ಗೆ ಮುಚ್ಚಳ ಇರುವ ಡಸ್ಟ್‌ಬಿನ್ ಬೇಕು ಅಂತ ಕ್ಲಾಸ್ ರೆಪ್ ಮೂಲಕ ಅರ್ಜಿ ಕೊಟ್ಟು ಮೂರು ವಾರ ಆಯ್ತು. ಅಲ್ಲಿಯವರೆಗೆ ಎರಡನೇ ಮಹಡಿಯ ಲೈಬ್ರರಿ ಪಕ್ಕದ ಟಾಯ್ಲೆಟ್‌ಗೆ ಹೋಗಿ, ಅಲ್ಲಿ ಡಸ್ಟ್‌ಬಿನ್ ಇದೆ.